ಹಿಂದಿನದೆಷ್ಟು

ನಮ್ಮಪ್ಪ ಬಿಲ್ಲು ಕೂಡಿಸುವುದನ್ನು ನೋಡಲೆಂದೇ ಕೆಲವರು ಅಂಗಡಿಗೆ ಬರುತ್ತಿದ್ದರು ಎಂದರೆ ನೀವು ನಂಬಲಿಕ್ಕಿಲ್ಲ. ನಂಬದಿದ್ದರೆ ಬಿಡಿ, ನಾನಂತೂ ಅದನ್ನು ನೋಡುತ್ತಲೇ ಬೆಳೆದವಳು. ಒಂದು ಹಾಳೆಗೆ ಇಪ್ಪತ್ತೊಂದು ಸಾಲು. ಹಾಳೆ ತುಂಬಿದ ಮೇಲೆ ಅಪ್ಪ ಪೆನ್ಸಿಲ್ಲನ್ನು ತಲೆಕೆಳಗಾಗಿ ಹಿಡಿದು ಅದರ ಮೊಂಡು ತುದಿಯನ್ನು ಬಿಡಿ ಸ್ಥಾನದ ಮೇಲೆ ಒಮ್ಮೆ ಇಳಿಸುತ್ತಿದ್ದ, ಹತ್ತರ ಸ್ಥಾನದ ಮೇಲೆ ಒಮ್ಮೆ, ನೂರರ ಸ್ಥಾನದ ಮೇಲೆ ಒಮ್ಮೆ. ತುಟಿ ಅಲ್ಲಾಡುತ್ತಿರಲಿಲ್ಲ. ಗಿರಾಕಿ ಕೈಚೀಲ ಎತ್ತಿಕೊಳ್ಳುವಷ್ಟರಲ್ಲಿ ಒಟ್ಟು ಹಾಳೆಯ ಬುಡದಲ್ಲಿರುತ್ತಿತ್ತು. ಪಕ್ಕದ ಬೀದಿಯ ಬ್ಯಾಂಕಿನ ಗುಮಾಸ್ತ ಒಮ್ಮೆ ಲೆಕ್ಕದ ಯಂತ್ರ ತಂದು ಪಂದ್ಯ ಕಟ್ಟಿ, ಸೋತು, ಒಂದು ಕಿಲೋ ಸಕ್ಕರೆ ಕೊಂಡು ತೆಪ್ಪಗೆ ಮನೆಗೆ ಹೋಗಿದ್ದ.

ಅಂಗಡಿ ಇರುವುದು ಮನೆಯ ಮುಂಭಾಗದಲ್ಲೇ. ಅಂಗಡಿಗೂ ಅಡುಗೆಮನೆಗೂ ನಡುವಿನ ಓಣಿಯಂಥ ಜಾಗದಲ್ಲಿ ನನ್ನ ಹೊಲಿಗೆ ಯಂತ್ರ. ಹೀಗಾಗಿ ಎರಡೂ ಕಡೆಯ ಜಗಳ ನನ್ನ ಕಿವಿಗೆ ಪುಕ್ಕಟೆ.

ದೊಡ್ಡ ಬಿಲ್ಲು ಬರೆಯುವುದಕ್ಕೆ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಅಪ್ಪ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಬರೆಯುವವನು, ಅಮ್ಮ ತಕ್ಕಡಿಯ ಹತ್ತಿರ ನಿಂತು ತೂಗುವವಳು. ತೂಕದ ಬಟ್ಟುಗಳು ಅಪ್ಪನ ಕಣ್ಣಿಗೆ ಕಾಣುತ್ತಿದ್ದವು, ದರ ಬಾಯಿಪಾಠ, ಗುಣಾಕಾರ ಬೆರಳ ತುದಿಯಲ್ಲಿ. ಮೊದಲ ಹಾಳೆ ತುಂಬಿದ ಕೂಡಲೇ ಅದರ ಒಟ್ಟು ಬರೆದು, ಹರಿದು, ಅಮ್ಮನ ಕೈಗೆ ಕೊಡುತ್ತಿದ್ದ. ಅವಳು ಅದನ್ನು ಮೊಳೆಗೆ ಸಿಕ್ಕಿಸಿ ಸಾಮಾನು ಸರಿಯಾಗಿ ಚೀಲಕ್ಕೆ ಬಿತ್ತೋ ಇಲ್ಲವೋ ಎಂದು ನೋಡಿ ಗೆರೆ ಎಳೆಯುತ್ತಿದ್ದಳು. ಹೊಸ ಹಾಳೆಯ ನೆತ್ತಿಯ ಮೇಲೆ ಹಿಂದಿನ ಹಾಳೆಯ ಒಟ್ಟು ಬರೆಯಬೇಕಲ್ಲ, ಆಗ ಅಪ್ಪ ಪುಸ್ತಕದಲ್ಲುಳಿದ ಕಾರ್ಬನ್ ಪ್ರತಿ ತಿರುವಿ ನೋಡದೆ, ತಲೆಯೂ ಎತ್ತದೆ, "ಹಿಂದಿನದೆಷ್ಟು?" ಅನ್ನುತ್ತಿದ್ದ. ಅಮ್ಮ ಮೊಳೆಯ ಕಡೆ ನೋಡಿ ಕೂಗುತ್ತಿದ್ದಳು. ಅಪ್ಪ ಬರೆದುಕೊಳ್ಳುತ್ತಿದ್ದ. ನಾನು ಹುಟ್ಟುವುದಕ್ಕೆ ಮೊದಲಿಂದಲೂ ಹೀಗೇ.

ಈ ಅಂಗಡಿಗೆ ಕೆಲಸ ಕಲಿಯಲು ಬಂದವರು ನಮ್ಮವರು, ಅಂದರೆ ನನ್ನ ಗಂಡ. ವಯಸ್ಸು ಮೂವತ್ತೆಂಟು. ಹದಿನಾಲ್ಕು ವರ್ಷ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಿದ್ದರು. ಮುದ್ರಣಾಲಯ ಮುಚ್ಚಿತು. ನಾವು ಎರಡು ಟ್ರಂಕು, ಒಂದು ಹೊಲಿಗೆ ಯಂತ್ರ ಹೊತ್ತುಕೊಂಡು ನನ್ನ ತವರಿಗೆ ಬಂದೆವು. ಗಂಡಸಿಗೆ ಹೆಂಡತಿಯ ತವರಿನಲ್ಲಿ ಊಟಕ್ಕೆ ಕೂರುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತಾದದ್ದು ಆಗಲೇ. ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಿರಲಿಲ್ಲ ಆ ಮನುಷ್ಯ.

ಕೆಲಸದಲ್ಲಿ ಚುರುಕಿದ್ದರೆ ನಾನು ಯಾಕೆ ಹೊಟ್ಟೆ ಉರಿಸಿಕೊಳ್ಳುತ್ತಿದ್ದೆ. ಅವರು ಕಟ್ಟಿದ ಪೊಟ್ಟಣ ಗಿರಾಕಿಯ ಕೈಗೆ ಹೋಗುವ ಮೊದಲೇ ಬಾಯಿ ಬಿಡುತ್ತಿತ್ತು. ಪೊಟ್ಟಣ ಸುತ್ತುವ ಹಳೆಯ ಪತ್ರಿಕೆಯಲ್ಲಿ ಅಕ್ಷರದ ತಪ್ಪು ಕಂಡರೆ ಅಲ್ಲೇ ನಿಂತು ಪೆನ್ಸಿಲ್ಲಿನಿಂದ ತಿದ್ದುತ್ತಿದ್ದರು.

"ಅಳಿಯಂದ್ರೇ, ಅದನ್ನ ಬೇಳೆ ಓದಲ್ಲ, ಸುತ್ತಿ ಕೊಡಿ," ಅನ್ನುತ್ತಿದ್ದಳು ಅಮ್ಮ.

ಗಿರಾಕಿಗಳು ಅವರಿಗೆ ಕರಡು ಸಾಹೇಬರು ಎಂದು ಹೆಸರಿಟ್ಟರು. ಅವರೂ ನಗುತ್ತಿದ್ದರು. ನನಗೆ ಮಾತ್ರ ಮೈ ಉರಿಯುತ್ತಿತ್ತು.

ನಾವು ಬಂದ ಏಳನೇ ತಿಂಗಳಲ್ಲಿ ಒಂದು ಮಧ್ಯಾಹ್ನ, ಊಟದ ನಡುವೆ, ಅಪ್ಪ ವಿಷಯ ಎತ್ತಿದ.

"ಅಳಿಯಂದ್ರೇ, ನನ್ನ ಸ್ನೇಹಿತನ ಗೋದಾಮಿನಲ್ಲಿ ಒಬ್ಬ ಕಾವಲು ಗುಮಾಸ್ತ ಬೇಕಂತೆ. ಬಸ್ಸಲ್ಲಿ ಹನ್ನೊಂದು ಗಂಟೆ ದಾರಿ. ಇರೋಕೆ ಒಂದು ಕೋಣೆ ಕೊಡ್ತಾರೆ."

"ಒಂದು ಕೋಣೇಲಿ ನಾವಿಬ್ರೂ ಹೇಗಪ್ಪಾ ಇರೋದು?" ಅಂದೆ ನಾನು.

"ಒಬ್ರಿಗೆ ಅಂತ ಕೊಡ್ತಾರೆ ಮಗಳೇ. ನೀನು ಇಲ್ಲೇ ಇರು."

ಅಮ್ಮ ಬೇಳೆಯ ಪಾತ್ರೆ ಕೆಳಗಿಟ್ಟಳು. "ಮನೆ ಒಡೆಯೋ ಮಾತಾಡ್ಬೇಡಿ," ಅಂದಳು.

"ನಾನು ಒಡೀತಿಲ್ಲ ಕಣೇ. ಗಲ್ಲಾದ ಮುಂದೆ ಕೂರೋನಿಗೆ ಲೆಕ್ಕ ಬರಬೇಕು. ಹತ್ತು ದೊಡ್ಡ ಬಿಲ್ಲು ಕೊಡ್ತೀನಿ. ಈ ತಿಂಗಳ ಕೊನೆ ಒಳಗೆ ಹತ್ತರದ್ದೂ ಒಟ್ಟು ಸರಿಯಾಗಿ ತಂದ್ರೆ ಪೆನ್ಸಿಲ್ ಇವರ ಕೈಗೆ. ಒಂದು ತಪ್ಪಿದ್ರೂ ಗೋದಾಮು. ಆಗಬಹುದಾ ಅಳಿಯಂದ್ರೇ?"

"ಆಗಬಹುದು ಮಾವ," ಅಂದರು ನಮ್ಮವರು.

ಅಪ್ಪ ಬಿಲ್ ಪುಸ್ತಕಗಳಿಂದ ಹತ್ತು ಕಾರ್ಬನ್ ಪ್ರತಿಗಳನ್ನು ಬಿಡಿಸಿ, ಪ್ರತಿಯೊಂದರ ಕೊನೆಯ ಹಾಳೆಯ ಬುಡ ಮಡಚಿ ಗುಂಡುಪಿನ್ನು ಹಾಕಿ ಕೊಟ್ಟ. ಒಟ್ಟು ಕಾಣಬಾರದಲ್ಲ. ಮಧ್ಯಾಹ್ನ ಅಂಗಡಿ ಮುಚ್ಚಿರುವ ಎರಡು ಗಂಟೆ ಇವರು ನನ್ನ ಹೊಲಿಗೆ ಯಂತ್ರದ ಪಕ್ಕ ಕೂತು ಕೂಡಿಸುತ್ತಿದ್ದರು. ಕೈಯಲ್ಲಿ ಮೂರು, ಕೈಯಲ್ಲಿ ಐದು ಎಂದು ಗೊಣಗುತ್ತಾ ಮೇಲಿಂದ ಕೆಳಕ್ಕೆ ಒಮ್ಮೆ. ಬಂದ ಉತ್ತರ ಬಚ್ಚಿಟ್ಟು, ಕೆಳಗಿಂದ ಮೇಲಕ್ಕೆ ಇನ್ನೊಮ್ಮೆ. ಎರಡೂ ಒಂದೇ ಬಂದರೆ ಮಾತ್ರ ಅಪ್ಪನ ಹತ್ತಿರ ಒಯ್ಯುತ್ತಿದ್ದರು. ಅಪ್ಪ ಪಿನ್ನು ತೆಗೆಯುತ್ತಿದ್ದ. ಹೀಗೆ ಮೂರು ವಾರದಲ್ಲಿ ಒಂಬತ್ತು ಬಿಲ್ಲು ಸರಿ ಬಂದವು. ನನ್ನ ಎದೆಯಲ್ಲಿ ಸ್ವಲ್ಪ ಗಾಳಿ ಆಡತೊಡಗಿತು.

ಹತ್ತನೆಯದು ಹಾಸ್ಟೆಲಿನ ಅಡುಗೆಯಾಕೆಯ ತಿಂಗಳ ಸಾಮಾನಿನ ಬಿಲ್ಲು. ಮೂರು ಹಾಳೆ, ಅರವತ್ತಮೂರು ಸಾಲು. ಅಕ್ಕಿ ಮೂಟೆಯಿಂದ ಬೆಂಕಿಪೊಟ್ಟಣದವರೆಗೆ. ನಮ್ಮವರಿಗೆ ಬಂದದ್ದು ಹದಿನಾರು ಸಾವಿರದ ನಾನೂರ ಐವತ್ತೇಳು. ಅಪ್ಪ ಪಿನ್ನು ತೆಗೆದ. ಹದಿನಾರು ಸಾವಿರದ ಐನೂರ ಏಳು.

"ಐವತ್ತು ಕಮ್ಮಿ," ಅಂದ ಅಪ್ಪ.

"ಇನ್ನೊಂದ್ಸಲ ನೋಡ್ತೀನಿ ಮಾವ."

"ನೋಡಿ. ತಿಂಗಳು ಮುಗಿಯೋಕೆ ಇನ್ನೂ ಐದು ದಿನ ಇದೆ. ನನ್ನ ಒಟ್ಟು ಎಲ್ಲೂ ಓಡಿಹೋಗಲ್ಲ."

ಮರುದಿನ ಅದೇ ಉತ್ತರ ಬಂತು. ಅದರ ಮರುದಿನವೂ ಅದೇ. ನಾನು ರೇಗಿದೆ.

"ರೀ, ಎಷ್ಟು ಸಲ ಕೂಡಿಸಿದ್ರೂ ಅದೇ ತಪ್ಪು ಮಾಡ್ತೀರಲ್ಲ. ಬೇರೆ ತಪ್ಪಾದ್ರೂ ಮಾಡಬಾರದಾ?"

"ಅದೇ ನನಗೂ ಆಶ್ಚರ್ಯ ಕಣೆ," ಅಂದರು. ಅವರಿಗೆ ಕೋಪವೇ ಬರುವುದಿಲ್ಲ, ಅದೊಂದು ಕಾಯಿಲೆ.

ಅಮ್ಮ ಪಾತ್ರೆ ಒರೆಸುತ್ತಾ ಬಂದು ನಿಂತಳು. "ವ್ಯತ್ಯಾಸ ಎಷ್ಟು? ಐವತ್ತಾ? ಒಂಬತ್ತರಿಂದ ಭಾಗ ಆಗಲ್ಲ ಹಾಗಾದ್ರೆ."

"ಅಂದ್ರೆ ಏನತ್ತೆ?"

"ಅಂಕಿ ಅದಲುಬದಲಾಗಿದ್ರೆ ವ್ಯತ್ಯಾಸ ಯಾವಾಗ್ಲೂ ಒಂಬತ್ತರಿಂದ ಭಾಗ ಆಗತ್ತೆ. ಅರವತ್ತಮೂರು ಅನ್ನೋದನ್ನ ಮೂವತ್ತಾರು ಅಂತ ಬರೆದ್ರೆ ಇಪ್ಪತ್ತೇಳು ಕಮ್ಮಿ. ಹದಿನೇಳನ್ನ ಎಪ್ಪತ್ತೊಂದು ಅಂತ ಬರೆದ್ರೆ ಐವತ್ನಾಲ್ಕು ಜಾಸ್ತಿ. ಯಾವುದು ಬೇಕಾದ್ರೂ ಹಾಕಿ ನೋಡಿ."

ಅವರು ನಾಲ್ಕು ಜೋಡಿ ಹಾಕಿ ನೋಡಿದರು. ನಾಲ್ಕೂ ಒಂಬತ್ತರಿಂದ ಭಾಗವಾದವು. ನಮ್ಮವರು ಅಮ್ಮನನ್ನು ನೋಡಿದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾನೂ ಇಷ್ಟು ವರ್ಷ ಅದೇ ಮನೆಯಲ್ಲಿ ಉಂಡವಳು, ಅಮ್ಮನ ಹತ್ತಿರ ಇಂಥದ್ದೊಂದು ಇದೆ ಎಂದು ಗೊತ್ತೇ ಇರಲಿಲ್ಲ.

"ಐವತ್ತು ಅಂದ್ರೆ ಬರೀ ಹತ್ತರ ಸ್ಥಾನದಲ್ಲಿ ಏನೋ ಆಗಿದೆ," ಅಂದಳು ಅಮ್ಮ. "ಇಲ್ಲಾ, ಐವತ್ತರದ್ದೇ ಒಂದು ಸಾಲು ಬಿಟ್ಟಿರ್ತೀರಿ."

ಐವತ್ತರ ಸಾಲು ನಿಜವಾಗಿಯೂ ಇತ್ತು, ನಲವತ್ತೊಂದನೆಯದು, ಬೆಂಕಿಪೊಟ್ಟಣದ ಕಟ್ಟು. ನಾನು ಬೆರಳಿಟ್ಟ ಸಾಲನ್ನು ಬಂದು ನೋಡಿದ ಅಪ್ಪ, "ಬಿಟ್ಟಿದ್ದಾರೆ, ಅಷ್ಟೇ," ಅಂದ. ಆದರೆ ಇವರು ಪ್ರತಿ ಸಾಲಿಗೂ ಚುಕ್ಕಿ ಇಟ್ಟಿದ್ದರು. ನಲವತ್ತೊಂದಕ್ಕೆ ಮೂರು ದಿನದ ಮೂರು ಚುಕ್ಕಿ ಇದ್ದವು.

ಉಳಿದದ್ದು ಎರಡು ದಿನ. ನಾನು ಟ್ರಂಕಿನಿಂದ ಅವರ ಅಂಗಿಗಳನ್ನು ತೆಗೆದು ಗುಂಡಿ ಭದ್ರ ಮಾಡಲು ಕೂತೆ. ಒಬ್ಬರೇ ಇರಬೇಕಾದವರಿಗೆ ಗುಂಡಿ ಹೊಲಿದು ಕೊಡುವವರು ಯಾರು? ಸೂಜಿಗೆ ದಾರ ಪೋಣಿಸಲು ಆಗದಷ್ಟು ಕಣ್ಣು ತುಂಬಿತ್ತು.

ಅವರು ಬಂದು ಎದುರು ಕೂತರು. "ಆ ಅಂಗಿ ಬಿಡು. ನನಗೆ ಓದಿ ಹೇಳು."

"ಏನನ್ನ?"

"ಬಿಲ್ಲನ್ನ. ಮುದ್ರಣಾಲಯದಲ್ಲಿ ಒಬ್ಬ ಮೂಲ ಓದ್ತಿದ್ದ, ಇನ್ನೊಬ್ಬ ಕರಡು ನೋಡ್ತಿದ್ದ. ಒಬ್ಬನೇ ನೋಡಿದ್ರೆ ಕಣ್ಣು ತನಗೆ ಬೇಕಾದ್ದನ್ನೇ ಓದ್ಕೊಳ್ಳತ್ತೆ. ಈ ಸಲ ಹಾಳೆ ಹಾಳೆ ಬೇರೆ ಮಾಡೋಣ. ಇಷ್ಟು ದಿನ ಸಾಲು ಮಾತ್ರ ಕೂಡಿಸ್ತಿದ್ದೆ, ಮಾವ ಹಾಳೆ ಬುಡದಲ್ಲಿ ಬರೆದದ್ದನ್ನ ನೋಡಿರಲಿಲ್ಲ."

ಮೊದಲ ಹಾಳೆ ಕೂಡಿಸಿದರು. ಅಪ್ಪ ಬರೆದ ಮೊತ್ತಕ್ಕೆ ಸರಿ. ಎರಡನೆಯದರ ಸಾಲುಗಳನ್ನು ಕೂಡಿಸಿ, ನೆತ್ತಿಯ ಮೇಲಿನ ಮೊತ್ತ ಸೇರಿಸಿದರು. ಅದೂ ಸರಿ. ಮೂರನೆಯದೂ ಸರಿ. ಒಂದೇ ಒಂದು ಅಂಕಿ ಆಚೀಚೆ ಇಲ್ಲ. ನಾನು ಬೆಪ್ಪಾದೆ. ಮೂರೂ ಹಾಳೆ ಸರಿ ಇದ್ದ ಮೇಲೆ ಒಟ್ಟು ತಪ್ಪುವುದು ಹೇಗೆ? ಅರವತ್ತಮೂರು ಸಾಲು ಕೂಡಿಸಿದರೆ ಒಂದು ಉತ್ತರ, ಅದೇ ಸಾಲುಗಳ ಮೂರು ಹಾಳೆ ಕೂಡಿಸಿದರೆ ಇನ್ನೊಂದು. ಕೈಯಲ್ಲಿದ್ದ ಕಾಗದ ದೆವ್ವ ಹಿಡಿದದ್ದು ಅನ್ನಿಸಿ ಅದನ್ನು ಕೆಳಗಿಟ್ಟುಬಿಟ್ಟೆ.

"ಹಾಳೆ ಸರಿ ಇದ್ರೆ, ತಪ್ಪು ಹಾಳೆ ಮತ್ತು ಹಾಳೆ ನಡುವೆ ಇರಬೇಕು," ಅಂದರು ಅವರು ಮೆಲ್ಲಗೆ. "ಮೊದಲನೇ ಹಾಳೆ ಬುಡದಲ್ಲಿ ಏನಿದೆ, ಓದು."

"ಏಳು ಸಾವಿರದ ಇನ್ನೂರಿಪ್ಪತ್ತು."

ಅವರು ಎರಡನೇ ಹಾಳೆಯ ನೆತ್ತಿ ನೋಡುತ್ತಿದ್ದರು. "ಇನ್ನೂರೆಪ್ಪತ್ತು ತಾನೆ?"

"ಅಲ್ಲ ರೀ, ಇನ್ನೂರಿಪ್ಪತ್ತು."

"ಇಲ್ಲಿ ಎಪ್ಪತ್ತು ಅಂತಿದೆ."

ಎರಡು ಹಾಳೆಗಳನ್ನು ಒತ್ತಿಗೆ ಇಟ್ಟುಕೊಂಡು ನೋಡಿದೆವು. ಬುಡದಲ್ಲಿ 7,220. ನೆತ್ತಿಯಲ್ಲಿ 7,270. ಅದರ ಮೇಲೆ ಅಪ್ಪ ಕೂಡಿಸಿದ್ದೆಲ್ಲ ಸರಿಯೇ, ಆದ್ದರಿಂದ ಆ ಐವತ್ತು ಕೊನೆಯವರೆಗೂ ಯಾರ ಕಣ್ಣಿಗೂ ಬೀಳದೆ ಜೊತೆಗೇ ನಡೆದು ಬಂದಿತ್ತು.

"ಮುದ್ರಣಾಲಯದಲ್ಲಿ ನಾವು ಇಪ್ಪತ್ತು ಅಂತ ಓದ್ತಾನೇ ಇರಲಿಲ್ಲ," ಅಂದರು ಅವರು. "ಎರಡು, ಸೊನ್ನೆ ಅಂತಿದ್ವಿ. ಇಪ್ಪತ್ತು, ಎಪ್ಪತ್ತು, ಮೊದಲಕ್ಷರ ಒಂದು ಬಿಟ್ರೆ ಎರಡೂ ಒಂದೇ ಮಾತು. ಯಂತ್ರದ ಸದ್ದಲ್ಲಿ ಯಾವುದು ಯಾವುದೋ ಗೊತ್ತಾಗ್ತಿರಲಿಲ್ಲ."

ನನಗೆ ಕುಣಿಯುವಷ್ಟು ಸಂತೋಷವಾಯಿತು. ಎದ್ದು ಅಪ್ಪನ ಹತ್ತಿರ ಓಡಬೇಕು ಎನ್ನುವಷ್ಟರಲ್ಲಿ ಅವರು ನನ್ನ ಕೈ ಹಿಡಿದುಕೊಂಡರು.

"ಕೂತ್ಕೋ. ಅತ್ತೆ ಕೂಗಿದ್ದು ಸರಿ ಅಂತಿಟ್ಕೋ. ಹಾಗಾದ್ರೆ ಇದು ಯಾತರ ತಪ್ಪು?"

ಆಗ ತಲೆಗೆ ಹೊಳೆಯಿತು. ಕೂತೆ.

"ದರ ಮಾವನಿಗೆ ಬಾಯಿಪಾಠ," ಅಂದರು ಅವರು. "ತೂಕ ಕಣ್ಣಿಗೆ ಕಾಣತ್ತೆ. ಇಡೀ ಬಿಲ್ಲಲ್ಲಿ ಅವರು ಬರೀ ಕಿವಿ ನಂಬಿ ಬರೆಯೋದು ಒಂದೇ ಒಂದು, ಹಿಂದಿನದೆಷ್ಟು ಅನ್ನೋದು. ತಪ್ಪು ಅಲ್ಲೇ ಬಂದಿದೆ."

ಈ ವರ್ಷ ಊಟಕ್ಕೆ ಉಪ್ಪು ಕೇಳಿದರೆ ಅಪ್ಪ ತುಪ್ಪ ದಾಟಿಸಿದ್ದು, ಅಮ್ಮ ಯಾವಾಗಲೂ ಅವನ ಎದುರಿಗೇ ಬಂದು ಮಾತಾಡುತ್ತಿದ್ದದ್ದು, ಎಲ್ಲ ಒಂದೊಂದಾಗಿ ನೆನಪಾಯಿತು. ನಾವು ಅದನ್ನು ಗಂಡಸಿನ ಗತ್ತು ಅಂದುಕೊಂಡಿದ್ದೆವು.

"ನೀವು ಸುಮ್ನಿರಿ ಹಾಗಾದ್ರೆ," ಅಂದೆ. ಹೇಳಿದ ಮೇಲೆ ನನಗೇ ಗೊತ್ತಾಯಿತು, ಸುಮ್ಮನಿದ್ದರೆ ಇವರು ಗೋದಾಮಿಗೆ. "ಅಲ್ಲ, ಹೇಳಿ. ಅಯ್ಯೋ, ಏನಾದ್ರೂ ಮಾಡಿ."

"ನನ್ನ ವಿಷಯ ಬಿಡು. ಗೋದಾಮಿಗೂ ಹೋಗಿ ಬಂದೇನು. ಆದ್ರೆ ಅಡುಗೆಯಾಕೆ ಕೈಯಿಂದ ಐವತ್ತು ಜಾಸ್ತಿ ಇಸ್ಕೊಂಡಿದ್ದೀವಲ್ಲ. ಇನ್ನು ಯಾರ್ಯಾರ ಹತ್ರ ಇಸ್ಕೊಂಡಿದ್ದೀವೋ."

ಹದಿನಾಲ್ಕು ವರ್ಷ ಇನ್ನೊಬ್ಬರ ತಪ್ಪು ತಿದ್ದಿ ಸಂಬಳ ತಗೊಂಡ ಮನುಷ್ಯ, ಒಬ್ಬರಿಗೂ ನೋಯದ ಹಾಗೆ ಹೇಳುವುದು ಹೇಗೆ ಎಂದು ಮಧ್ಯಾಹ್ನವೆಲ್ಲ ಯೋಚಿಸಿದರು.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮೊದಲು ಅವರು ಅಪ್ಪನ ಮುಂದೆ ಎರಡು ಹಾಳೆ ಇಟ್ಟರು, ಬುಡ ಮತ್ತು ನೆತ್ತಿ ಒಂದಕ್ಕೊಂದು ತಾಗುವ ಹಾಗೆ. ಅಪ್ಪ ಕನ್ನಡಕ ಹಾಕಿಕೊಂಡ. ಅವನಿಗೆ ಒಂದು ಕ್ಷಣ ಸಾಕಾಗಿತ್ತು, ಆದರೆ ಬಹಳ ಹೊತ್ತು ನೋಡಿದ.

"ಏನಂತ ಕೂಗಿದ್ದೆ ಅವತ್ತು?" ಎಂದು ಅಮ್ಮನನ್ನು ಕೇಳಿದ.

ಅಮ್ಮ ಹಾಳೆ ನೋಡಿದಳು. "ಎಪ್ಪತ್ತು ಅಂದಿರ್ತೀನಿ," ಅಂದಳು ಥಟ್ಟನೆ. "ನನ್ನದೇ ತಪ್ಪು. ಕನ್ನಡಕ ಇರಲಿಲ್ಲ."

"ನಿನಗೆ ಕನ್ನಡಕಾನೇ ಇಲ್ಲ ಕಣೇ."

ಯಾರೂ ನಗಲಿಲ್ಲ. ಅಪ್ಪ ಎದ್ದ. ಪೊಟ್ಟಣದ ಕಾಗದ ಒಂದನ್ನು ಹರಿದುಕೊಂಡ. ತಕ್ಕಡಿಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಕೂತ. "ಇಪ್ಪತ್ತು ಸಂಖ್ಯೆ ಕೂಗು. ದಿನಾ ಕೂಗೋ ಹಾಗೇ. ಜೋರಾಗಿ ಬೇಡ. ಅಳಿಯಂದ್ರೇ, ನೀವು ಅವಳು ಕೂಗಿದ್ದನ್ನ ಬರ್ಕೊಳ್ಳಿ."

"ಇದೆಲ್ಲ ಯಾಕೆ ಈಗ," ಅಂದಳು ಅಮ್ಮ.

"ಕೂಗು."

ಅಮ್ಮ ಕೂಗಿದಳು. ಮೂರು ಸಾವಿರದ ನೂರಿಪ್ಪತ್ತು. ಐದು ಸಾವಿರದ ಆರುನೂರ ಎಪ್ಪತ್ತೆರಡು. ಅಪ್ಪನ ಪೆನ್ಸಿಲ್ಲು ಒಮ್ಮೆಯೂ ತಡೆಯಲಿಲ್ಲ. ಇಪ್ಪತ್ತೂ ಮುಗಿದ ಮೇಲೆ ಎರಡು ಕಾಗದ ಜೊತೆಗಿಟ್ಟು ನೋಡಿದೆವು. ಮೂವತ್ತು, ನಲವತ್ತು, ತೊಂಬತ್ತು ಎಲ್ಲ ಸರಿ. ಇಪ್ಪತ್ತು ಇದ್ದ ಐದರಲ್ಲಿ ಮೂರನ್ನು ಎಪ್ಪತ್ತು ಎಂದು ಬರೆದಿದ್ದ. ಎಪ್ಪತ್ತು ಇದ್ದ ಒಂದನ್ನು ಇಪ್ಪತ್ತು ಎಂದು ಬರೆದಿದ್ದ. ಒಂದೇ ಒಂದು ಕಡೆಯೂ ಅನುಮಾನ ಪಟ್ಟು ಹೊಡೆದು ಹಾಕಿದ ಗುರುತಿರಲಿಲ್ಲ. ಅವನ ಕಿವಿ ಅವನಿಗೆ ಅಷ್ಟು ಗಟ್ಟಿಯಾಗಿ ಸುಳ್ಳು ಹೇಳುತ್ತಿತ್ತು.

"ನಾನು ಅಷ್ಟು ಸ್ಪಷ್ಟವಾಗಿ ಕೇಳಿಸ್ಕೊಂಡೆನಲ್ಲ," ಅಂದ ಅಪ್ಪ. ಚಿಕ್ಕ ಮಗುವಿನ ಹಾಗೆ ಅಚ್ಚರಿಯಿಂದ ಅಂದ.

ಅವತ್ತು ಅಂಗಡಿ ತಡವಾಗಿ ತೆಗೆದೆವು. ಅಪ್ಪನೂ ಅಳಿಯನೂ ಒಂದು ವರ್ಷದ ಬಿಲ್ ಪುಸ್ತಕಗಳನ್ನೆಲ್ಲ ಕೆಳಗಿಳಿಸಿದರು. ಏನೂ ಕೂಡಿಸಬೇಕಾಗಿರಲಿಲ್ಲ. ಒಂದು ಹಾಳೆಗಿಂತ ಉದ್ದದ ಬಿಲ್ಲು ಹುಡುಕುವುದು, ಬುಡ ನೋಡುವುದು, ಮುಂದಿನದರ ನೆತ್ತಿ ನೋಡುವುದು, ಅಷ್ಟೇ. ಹಾಸ್ಟೆಲಿನ ಆ ಬಿಲ್ಲು ಸೇರಿ ನಾಲ್ಕು ಸಿಕ್ಕವು. ಮೂರರಲ್ಲಿ ನಾವು ಐವತ್ತು ಹೆಚ್ಚಿಗೆ ತೆಗೆದುಕೊಂಡಿದ್ದೆವು. ಒಂದರಲ್ಲಿ ಐವತ್ತು ಕಳೆದುಕೊಂಡಿದ್ದೆವು.

"ಈ ಒಂದನ್ನ ಕೇಳಕ್ಕೆ ಹೋಗೋದು ಬೇಡ," ಅಂದ ಅಪ್ಪ. "ಅದು ನನ್ನ ಕಿವಿಗೆ ದಂಡ."

ಮೂರು ಮನೆಗೂ ಅವನೇ ನಡೆದು ಹೋದ. ಅಳಿಯನನ್ನು ಜೊತೆಗೆ ಕರೆದುಕೊಂಡು ಹೋದ. ಹಾಸ್ಟೆಲಿನ ಅಡುಗೆಯಾಕೆ ದುಡ್ಡು ಮುಟ್ಟಲೇ ಇಲ್ಲವಂತೆ.

"ನಿಮ್ಮ ಒಟ್ಟು ತಪ್ಪಿದೆ ಅಂದ್ರೆ ಯಾರು ನಂಬ್ತಾರೆ ಯಜಮಾನ್ರೇ? ನಾನು ಯಾವತ್ತೂ ಕೂಡಿಸಿ ನೋಡಿದವಳೇ ಅಲ್ಲ. ನಮ್ಮ ಮೇಲ್ವಿಚಾರಕರೂ ನೋಡಲ್ಲ, ನಿಮ್ಮ ಅಕ್ಷರ ನೋಡಿ ಸಹಿ ಹಾಕ್ತಾರೆ."

"ಅದಕ್ಕೇ ಹೆದರಿಕೆ ಆಗಿದ್ದು ತಾಯಿ," ಅಂದನಂತೆ ಅಪ್ಪ. ಅವಳ ಬಿಲ್ಲಿನ ಮೇಲೆ ಎಪ್ಪತ್ತನ್ನು ಹೊಡೆದು ಇಪ್ಪತ್ತು ಮಾಡಿ, ಕೆಳಗಿನ ಒಟ್ಟನ್ನೆಲ್ಲ ತಿದ್ದಿ, ಪಕ್ಕದಲ್ಲಿ ಸಹಿ ಹಾಕಿ, ದುಡ್ಡನ್ನು ಅದರ ಮೇಲೆ ಇಟ್ಟು ಬಂದನಂತೆ.

ಅವತ್ತಿನ ಊಟಕ್ಕೆ ಅಪ್ಪ ಕೂತದ್ದು ಸುಮ್ಮನೆ ತಟ್ಟೆ ನೋಡಲಿಕ್ಕೆ. ಅಮ್ಮ ಎರಡು ಸಲ ಬಡಿಸಲು ಬಂದು ವಾಪಸು ಹೋದಳು.

"ಗೋದಾಮಿಗೆ ಬೇಡ ಅಂತ ಹೇಳಿ ಕಳಿಸಿದ್ದೀನಿ," ಅಂದ ಕೊನೆಗೆ. "ನಾಳೆಯಿಂದ ಗಲ್ಲಾದ ಮುಂದೆ ನೀವೇ ಕೂತ್ಕೊಳ್ಳಿ ಅಳಿಯಂದ್ರೇ. ನಾನು ಒಳಗಿರ್ತೀನಿ."

ಮೂರು ವಾರ ಹಿಂದೆ ಈ ಮಾತು ಬಂದಿದ್ದರೆ ನಾನು ಹಬೆಯಾಡುವ ಅನ್ನದ ಮೇಲೆ ಇನ್ನೂ ಎರಡು ಸೌಟು ತುಪ್ಪ ಸುರಿಯುತ್ತಿದ್ದೆ. ಈಗ ತುಪ್ಪದ ಬಟ್ಟಲನ್ನು ಪಕ್ಕಕ್ಕೆ ಸರಿಸಿದೆ.

"ಮಾವ," ಅಂದರು ನಮ್ಮವರು, "ಒಂಬತ್ತು ಬಿಲ್ಲು ಕೂಡಿಸೋಕೆ ನನಗೆ ಮೂರು ವಾರ ಬೇಕಾಯ್ತು. ಗಿರಾಕಿ ಅಷ್ಟು ಹೊತ್ತು ನಿಂತಿರ್ತಾರಾ?"

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ನಗುವೋ ಅಳುವೋ ನನಗೆ ಗೊತ್ತಾಗಲಿಲ್ಲ.

"ನಿಮ್ಮ ಕೂಡಿಕೆ ತಪ್ಪಿಲ್ಲ," ಅಂದರು ಇವರು. "ನಾನು ಕೂಡಿಸಿ ನೋಡಿದ ಹತ್ತೂ ಬಿಲ್ಲಲ್ಲಿ ಒಂದು ಹಾಳೇಲೂ ತಪ್ಪಿಲ್ಲ. ನೀವು ಬರೀರಿ, ಕೂಡಿಸಿ. ನಾನು ಕೂಗ್ತೀನಿ. ಬಿಡಿ ಬಿಡಿ ಅಂಕಿ ಕೂಗ್ತೀನಿ. ಕೇಳಿಸದಿದ್ರೆ ಇನ್ನೊಂದು ಸಲ ಕೂಗ್ತೀನಿ. ಆದ್ರೆ ಕೇಳಿಸಲಿಲ್ಲ ಅಂತ ನೀವು ಹೇಳಬೇಕು ಮಾವ. ಅದೊಂದು ನಿಮ್ಮಿಂದಲೇ ಆಗಬೇಕು."

ಅಪ್ಪ ಎದ್ದು ಕೈ ತೊಳೆದ. ಇವರು ಕೇಳಿದ್ದು ಎಷ್ಟು ದೊಡ್ಡದು ಎಂದು ನಮಗೆಲ್ಲ ಗೊತ್ತಿತ್ತು. ನಲವತ್ತು ವರ್ಷ ಆ ಜಾಗದಲ್ಲಿ ಕೂತವನು ಒಂದು ಸಲವೂ ಯಾರನ್ನೂ ಏನಂದಿರಿ ಎಂದು ಕೇಳಿದವನಲ್ಲ.

ತಿಂಗಳ ಮೊದಲ ದಿನ ಹಾಸ್ಟೆಲಿನ ಅಡುಗೆಯಾಕೆ ಇಬ್ಬರು ಹುಡುಗರನ್ನೂ ಒಂದು ತಳ್ಳುಗಾಡಿಯನ್ನೂ ಕರೆದುಕೊಂಡು ಬಂದಳು. ಅಂಗಡಿ ತುಂಬ ಜನ. ಬ್ಯಾಂಕಿನ ಗುಮಾಸ್ತನೂ ಇದ್ದ, ಸೋಪಿಗೆ ಬಂದಿದ್ದ. ಅಮ್ಮ ತೂಗಿದಳು, ಅಪ್ಪ ಬರೆದ, ನಮ್ಮವರು ಮೊಳೆಯ ಪಕ್ಕ ನಿಂತರು. ನಾನು ಹೊಲಿಗೆ ನಿಲ್ಲಿಸಿ ಓಣಿಯ ಬಾಗಿಲಿಗೆ ಬಂದೆ. ಮೊದಲ ಹಾಳೆ ತುಂಬಿತು. ಪೆನ್ಸಿಲ್ಲಿನ ಮೊಂಡು ತುದಿ ಮೂರು ಸಲ ಸರಸರನೆ ಇಳಿಯಿತು, ಒಟ್ಟು ಬಿತ್ತು, ಹಾಳೆ ಮೊಳೆಗೆ ಹೋಯಿತು. ಗಿರಾಕಿಗಳು ಎಂದಿನ ಹಾಗೆ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

"ಹಿಂದಿನದೆಷ್ಟು?" ಅಂದ ಅಪ್ಪ.

"ಆರು, ಒಂಬತ್ತು, ಎರಡು, ಐದು," ಅಂದರು ನಮ್ಮವರು. ಅದೇ ಹೊತ್ತಿಗೆ ತಳ್ಳುಗಾಡಿಯ ಹುಡುಗ ಎಣ್ಣೆಯ ಡಬ್ಬವನ್ನು ಕರ್ರೆಂದು ಎಳೆದ.

ಅಪ್ಪನ ಪೆನ್ಸಿಲ್ಲು ಹಾಳೆಯ ನೆತ್ತಿಗೆ ಹೋಯಿತು. ಅಲ್ಲೇ ನಿಂತಿತು. ಅವನ ಮನಸ್ಸಿನಲ್ಲಿ ಒಂದು ಅಂಕಿ ಆಗಲೇ ಬಂದು ಕೂತಿತ್ತು ಎಂದು ನನಗೆ ಮುಖ ನೋಡಿದರೇ ಗೊತ್ತಾಯಿತು. ಬರೆದುಬಿಟ್ಟಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಅಮ್ಮ ತಕ್ಕಡಿಯ ತಟ್ಟೆ ಹಿಡಿದುಕೊಂಡು ನಿಂತುಬಿಟ್ಟಳು.

ಅಪ್ಪ ತಲೆ ಎತ್ತಿ ಅಳಿಯನ ಕಡೆ ತಿರುಗಿದ. ಅಡುಗೆಯಾಕೆಗೆ, ಗುಮಾಸ್ತನಿಗೆ, ಇಡೀ ಅಂಗಡಿಗೆ ಕೇಳಿಸುವ ಹಾಗೆ ಅಂದ:

"ನನಗೆ ಕೇಳಿಸಲಿಲ್ಲ. ಇನ್ನೊಂದ್ಸಲ ಹೇಳಿ."

ನಮ್ಮವರು ಹೇಳಿದರು. ಅಪ್ಪ ಅವರ ಬಾಯನ್ನೇ ನೋಡುತ್ತಾ ಒಂದೊಂದೇ ಅಂಕಿ ಬರೆದುಕೊಂಡ.